ಕಬ್ಬಿನ ಸಭೆಯ ರೆಕಾರ್ಡಿಂಗ್‌ನಿಂದ ಎರಡೂ ಕಡೆಯವರು ಒಪ್ಪುವ ಸಾರಾಂಶ ಬರೆಯೋದು ಹೇಗೆ?

ಕಬ್ಬು ನುರಿಸುವ ಹಂಗಾಮು ಮುಗಿಯುತ್ತಿದ್ದಂತೆ ಬೆಳಗಾವಿ, ಬಾಗಲಕೋಟೆ ಕಡೆ ಬಾಕಿ ಬಿಲ್ಲಿನ ಸಭೆಗಳು ಶುರುವಾಗುತ್ತವೆ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್‌ಗೆ 3,500 ರೂಪಾಯಿ ಕೇಳಿ ಧರಣಿ ಕೂತರು. ಕೊನೆಗೆ ಸರ್ಕಾರ 3,300 ರೂಪಾಯಿ ಘೋಷಿಸಿತು. ಆಮೇಲೆ ಇಂಥ ಸಭೆಗಳ ಮೇಲೆ ಜನರ ಗಮನ ಜಾಸ್ತಿಯೇ ಆಗಿದೆ. ಯಾರಾದರೊಬ್ಬರು ಮೇಜಿನ ಮೇಲೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡುತ್ತಾರೆ. ಆದರೆ ಒಂದೂವರೆ ಗಂಟೆಯ ಆಡಿಯೋವನ್ನು ಕೂತು ಕೇಳುವವರು ಯಾರು? ಸಭೆಗೆ ಬರದವರೆಲ್ಲ ಓದುವುದು ಯಾರೋ ಬರೆದ ಹತ್ತು ಸಾಲಿನ ಸಾರಾಂಶವನ್ನು.

ತಕರಾರು ಹುಟ್ಟುವುದೇ ಅಲ್ಲಿ. ಒಂದೇ ಸಭೆಯ ಬಗ್ಗೆ ರೈತರ ಗುಂಪಿನಲ್ಲಿ "ಏಪ್ರಿಲ್ 30ರೊಳಗೆ ಬಾಕಿ ಕೊಡಲು ಕಾರ್ಖಾನೆ ಒಪ್ಪಿದೆ" ಅಂತ ಬರುತ್ತದೆ. ಕಾರ್ಖಾನೆಯ ಟಿಪ್ಪಣಿಯಲ್ಲಿ "ಮೇ 15ರ ಗಡುವಿಗೆ ರೈತರು ಸಮ್ಮತಿಸಿದ್ದಾರೆ" ಅಂತ ಇರುತ್ತದೆ. ಎರಡನ್ನೂ ಬರೆದವರು ಅದೇ ಆಡಿಯೋ ಕೇಳಿದವರೇ. ಬೇಕಂತಲೇ ಸುಳ್ಳು ಬರೆದಿದ್ದಾರೆ ಅಂತಲೂ ಅಲ್ಲ. ಹಾಗಾದರೆ ಎಡವಿದ್ದು ಎಲ್ಲಿ?

## ಮೊದಲ ಪ್ರಶ್ನೆ: ರೆಕಾರ್ಡ್ ಮಾಡಬಹುದಾ?

ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಎರಡು ಕಡೆಯವರು ಎದುರುಬದುರು ಕೂತು ತಮ್ಮ ವಿಷಯ ತಾವೇ ಮಾತಾಡಿಕೊಂಡರೆ ಅದು ಮಾತುಕತೆ. ಮೂರನೆಯವರೊಬ್ಬರು ನಡುವೆ ಕೂತು, ತೀರ್ಪು ಕೊಡದೆ, ಇಬ್ಬರೂ ತಾವಾಗಿಯೇ ಒಂದು ಒಪ್ಪಂದಕ್ಕೆ ಬರಲು ಸಹಾಯ ಮಾಡಿದರೆ ಅದು ಮಧ್ಯಸ್ಥಿಕೆ. ಕೋರ್ಟಿನಲ್ಲಿರುವ ಆಸ್ತಿ ವ್ಯಾಜ್ಯ, ಗಂಡ ಹೆಂಡತಿ ಜಗಳ ಇವನ್ನೆಲ್ಲ ನ್ಯಾಯಾಧೀಶರು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುವುದನ್ನು ನೀವು ಕೇಳಿರಬಹುದು.

ಮಧ್ಯಸ್ಥಿಕೆಗೆ ಗೋಪ್ಯತೆಯೇ ಜೀವಾಳ. 2023ರ ಮಧ್ಯಸ್ಥಿಕೆ ಕಾಯ್ದೆಯ 22ನೇ ಸೆಕ್ಷನ್ ಆಡಿಯೋ, ವಿಡಿಯೋ ರೆಕಾರ್ಡಿಂಗ್ ಮಾಡಲೇಬಾರದು ಅನ್ನುತ್ತದೆ. ಮುಖಾಮುಖಿ ಕೂತಿರಲಿ, ಆನ್‌ಲೈನ್‌ನಲ್ಲಿರಲಿ, ಎರಡಕ್ಕೂ ಇದೇ ಮಾತು. ಈ ಕಾಯ್ದೆ ಒಂದೇ ಸಲಕ್ಕೆ ಪೂರ್ತಿ ಜಾರಿಗೆ ಬರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಕೆಲವು ಸೆಕ್ಷನ್‌ಗಳಷ್ಟೇ ಜಾರಿಯಾದವು. ಅದಕ್ಕೂ ಮೊದಲೇ, 2010ರಲ್ಲಿ, ಮೋತಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತ್ತು. ರಾಜಿಯಾದರೆ ಮಧ್ಯಸ್ಥರು ಒಪ್ಪಂದದ ಪತ್ರವನ್ನಷ್ಟೇ ಕೋರ್ಟಿಗೆ ಕಳಿಸಬೇಕು. ಆಗದಿದ್ದರೆ ಆಗಲಿಲ್ಲ ಅಂತ ಒಂದು ಸಾಲು ಬರೆದರೆ ಸಾಕು. ಒಳಗೆ ಯಾರು ಏನು ಅಂದರು ಅನ್ನುವುದು ಕೋರ್ಟಿಗೂ ಹೋಗಬಾರದು.

ಹಾಗಾಗಿ ಕೋರ್ಟ್ ಕಳಿಸಿದ ಮಧ್ಯಸ್ಥಿಕೆಯಲ್ಲಿ ನೀವು ಕೂತಿದ್ದರೆ ಮೊಬೈಲ್ ಜೇಬಿನಲ್ಲೇ ಇರಲಿ. ಈ ಲೇಖನ ಅದರ ಬಗ್ಗೆ ಅಲ್ಲ. ಎರಡೂ ಕಡೆಯವರು ಮೊದಲೇ ಒಪ್ಪಿ ರೆಕಾರ್ಡ್ ಮಾಡಿಕೊಳ್ಳುವ ಮಾತುಕತೆಯ ಬಗ್ಗೆ. ಅಲ್ಲೂ ರೆಕಾರ್ಡಿಂಗ್ ಶುರುವಾದ ಕೂಡಲೇ "ಎರಡೂ ಕಡೆಯವರ ಒಪ್ಪಿಗೆಯಿಂದ ರೆಕಾರ್ಡ್ ಮಾಡ್ತಾ ಇದ್ದೇವೆ" ಅಂತ ಹೇಳಿ, ಇಬ್ಬರ ಬಾಯಿಂದಲೂ ಹೌದು ಅನ್ನಿಸಿಕೊಳ್ಳಬೇಕು. ನಡುವೆ ಒಂದು ಕಡೆಯವರು "ನಾವು ನಾವೇ ಮಾತಾಡಿಕೊಳ್ತೇವೆ" ಅಂತ ಹೊರಗೆ ಹೋದರೆ ರೆಕಾರ್ಡಿಂಗ್ ನಿಲ್ಲಿಸಬೇಕು. ಮರೆತು ಅದೂ ರೆಕಾರ್ಡ್ ಆಗಿದ್ದರೆ ಆ ಭಾಗ ಸಾರಾಂಶಕ್ಕೆ ಬರಕೂಡದು. ಎದುರಿನವರಿಗೆ ಕೇಳಲಿ ಅಂತ ಆಡಿದ ಮಾತಲ್ಲ ಅದು.

## ಒಂದು ಸಭೆಯನ್ನು ತೆಗೆದುಕೊಳ್ಳೋಣ

ಇದು ವಿವರಿಸೋಕೆ ಅಂತ ಕಟ್ಟಿದ ಉದಾಹರಣೆ. ಆದರೆ ಇದರಲ್ಲಿ ಬರುವ ಮಾತುಗಳು ಜಮಖಂಡಿ, ಮುಧೋಳ, ರಾಯಬಾಗ ಕಡೆಯವರಿಗೆ ಹೊಸದೇನಲ್ಲ.

ಏಪ್ರಿಲ್ ಮೊದಲ ವಾರ ಬಾಗಲಕೋಟೆ ಜಿಲ್ಲೆಯ ಒಂದು ಊರಿನ ಸಮುದಾಯ ಭವನದಲ್ಲಿ ಸಭೆ. ರೈತರ ಕಡೆಯಿಂದ ನಾಲ್ಕು ಜನ ಮಾತಾಡುತ್ತಾರೆ. ಕಾರ್ಖಾನೆಯಿಂದ ಕೇನ್ ಮ್ಯಾನೇಜರ್ ಮತ್ತು ಲೆಕ್ಕಪತ್ರ ವಿಭಾಗದವರೊಬ್ಬರು ಬಂದಿದ್ದಾರೆ. ನಿವೃತ್ತ ಹೆಡ್‌ಮಾಸ್ತರರೊಬ್ಬರು ಅಧ್ಯಕ್ಷತೆ ವಹಿಸಿದ್ದಾರೆ, ಒಬ್ಬೊಬ್ಬರಿಗೆ ಮಾತಾಡಲು ಸರದಿ ಕೊಡುವುದಷ್ಟೇ ಅವರ ಕೆಲಸ. ಆಡಿಯೋ ಒಂದು ಗಂಟೆ 34 ನಿಮಿಷ ಇದೆ.

ಜಗಳ ಮುಖ್ಯವಾಗಿ ಎರಡು ವಿಷಯಕ್ಕೆ. ಕಾರ್ಖಾನೆ ಟನ್‌ಗೆ 3,100 ರೂಪಾಯಿ ಕೈಗೆ ಸಿಗುವ ದರ ಅಂತ ಘೋಷಿಸಿತ್ತು. 2,900 ಬಂದಿದೆ, 200 ಬಾಕಿ. ಅದು ಯಾವಾಗ? ಇನ್ನೊಂದು, ಕಟಾವು ಮತ್ತು ಸಾಗಾಣಿಕೆ ಖರ್ಚು ಅಂತ ಹಿಡಿದುಕೊಳ್ಳುವ ದುಡ್ಡು ಎಷ್ಟು?

## ಮೊದಲು ಮಾತನ್ನು ಹಾಗೇ ಬರೆದುಕೊಳ್ಳಿ

ಆಡಿಯೋ ಕೇಳುತ್ತಾ ನೇರವಾಗಿ ಸಾರಾಂಶ ಬರೆಯಲು ಹೋದರೆ ಕೆಟ್ಟಿತು ಅಂತಲೇ ಲೆಕ್ಕ. ನೆನಪಿನಲ್ಲಿ ಉಳಿಯುವುದು ಜೋರಾಗಿ ಮಾತಾಡಿದವರ ಮಾತು, ಇಲ್ಲವೇ ಕೊನೆಯಲ್ಲಿ ಮಾತಾಡಿದವರ ಮಾತು. ಅದಕ್ಕೆ ಮೊದಲು ಮುಖ್ಯ ಭಾಗಗಳನ್ನಾದರೂ ಆಡಿದ ಹಾಗೇ ಬರೆದುಕೊಳ್ಳಬೇಕು. ಪ್ರತಿ ಮಾತಿನ ಮುಂದೆ ಸಮಯ ಮತ್ತು ಮಾತಾಡಿದವರ ಗುರುತು ಇರಬೇಕು. ಹೆಸರು ಬೇಡವಾದರೆ ರೈ-1, ರೈ-2, ಕಾ-1, ಕಾ-2 ಅಂತ ಇಟ್ಟುಕೊಂಡರಾಯಿತು.

ಸಮ್ಮತಿಯ ಗೊಂದಲ ಹುಟ್ಟಿದ ಜಾಗ ಇದು:

00:52:10 ರೈ-1: ಬಾಕಿ ಇನ್ನೂರು ರೂಪಾಯಿ ಯಾವಾಗ ಹಾಕ್ತೀರಿ? ತಾರೀಖ ಹೇಳ್ರಿ.

00:52:18 ಕಾ-1: ಬ್ಯಾಂಕಿನ ಲಿಮಿಟ್ ರಿನ್ಯೂ ಆಗೋದೈತಿ. ಅದಾತಂದ್ರ ಮೇ ಹದಿನೈದರೊಳಗ ಹಾಕ್ತೀವ್ರಿ.

00:52:31 ರೈ-1: ಹೂಂ.

00:52:33 ರೈ-3: ಹೂಂ ಅನ್ನಬ್ಯಾಡೋ ಅಣ್ಣಾ, ಏಪ್ರಿಲ್ ಮೂವತ್ತರೊಳಗ ಬೇಕಂತ ಹೇಳು.

00:52:40 ಕಾ-2: [ಇಬ್ಬರು ಒಟ್ಟಿಗೆ ಮಾತು] ಮೂವತ್ತಕ್ಕ [ಕೇಳಿಸಲಿಲ್ಲ] ನೋಡೂಣ್ರಿ.

00:52:49 ಅಧ್ಯಕ್ಷರು: ಆತು, ಮುಂದಿನ ವಿಷಯಕ್ಕ ಬರೂಣು.

"ಕೇಳಿಸಲಿಲ್ಲ" ಅನ್ನುವುದನ್ನು ಬರೆಯೋಕೆ ಬಹಳ ಜನರಿಗೆ ಸಂಕೋಚ. ಕಾ-2 ಹೇಳಿದ್ದು "ಮೂವತ್ತಕ್ಕ ಆಗತೈತಿ, ನೋಡೂಣ್ರಿ" ಇರಬಹುದು, "ಮೂವತ್ತಕ್ಕ ಆಗಂಗಿಲ್ಲ, ನೋಡೂಣ್ರಿ" ಕೂಡ ಇರಬಹುದು. ನಡುವಿನ ಒಂದು ಪದದಲ್ಲಿ ಅರ್ಥ ಪೂರ್ತಿ ಉಲ್ಟಾ ಆಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿ, ಆಗಲೂ ಗೊತ್ತಾಗದಿದ್ದರೆ ಹಾಗೇ ಬಿಡಿ. ಊಹೆ ಮಾಡಿ ತುಂಬಿಸಿದರೆ ಆ ಜಾಗದಲ್ಲಿ ಬರುವುದು ಬರೆಯುವವರ ಆಸೆಯೇ.

## 'ಹೂಂ' ಅಂದರೆ ಒಪ್ಪಿಗೆನಾ?

ಈಗ ಆ ಎರಡು ಸಾರಾಂಶಗಳು ಹೇಗೆ ಹುಟ್ಟಿದವು ಅಂತ ಕಾಣುತ್ತದೆ. ಕಾರ್ಖಾನೆಯ ಟಿಪ್ಪಣಿ ಬರೆದವರು ರೈ-1 ಅವರ "ಹೂಂ" ಅನ್ನು ಒಪ್ಪಿಗೆ ಅಂದುಕೊಂಡರು. ರೈತರ ಕಡೆಯವರು ಕಾ-2 ಅವರ "ನೋಡೂಣ್ರಿ"ಯನ್ನು ಒಪ್ಪಿಗೆ ಅಂದುಕೊಂಡರು.

ನಮ್ಮ ಕಡೆ ಮಾತಿನ ನಡುವೆ ಬರುವ "ಹೂಂ", "ಹೂನ್ರಿ", "ಆತ್ರಿ" ಇವೆಲ್ಲ ಬಹಳ ಸಲ "ನಿಮ್ಮ ಮಾತು ಕೇಳಿಸ್ತು, ಮುಂದೆ ಹೇಳಿ" ಅನ್ನುವುದಕ್ಕೆ. "ನೋಡೂಣು" ಅನ್ನುವುದು ಎದುರಿನವರ ಮುಖ ಮುರಿಯದೆ ಇಲ್ಲ ಅನ್ನುವ ದಾರಿಯೂ ಹೌದು. ಮೌನವೂ ಅಷ್ಟೇ. ಅಧ್ಯಕ್ಷರು "ಆತು" ಅಂದು ಮುಂದಿನ ವಿಷಯಕ್ಕೆ ಹೋದ ಮಾತ್ರಕ್ಕೆ ಹಿಂದಿನ ವಿಷಯ ಬಗೆಹರಿದಂತಲ್ಲ.

ಹಾಗಾದರೆ ಒಪ್ಪಿಗೆ ಅಂತ ಯಾವುದನ್ನು ಬರೆಯಬೇಕು? ಯಾರು, ಏನನ್ನು, ಯಾವಾಗ ಮಾಡುತ್ತಾರೆ ಅನ್ನುವುದು ಒಂದು ಕಡೆಯ ಬಾಯಿಂದ ಬಂದಿರಬೇಕು. ಅದಕ್ಕೆ ಇನ್ನೊಂದು ಕಡೆಯವರು ಬಾಯಿಬಿಟ್ಟು ಹೌದು ಅಂದಿರಬೇಕು, ಆಮೇಲೆ ಅದನ್ನು ಯಾರೂ ಅಲ್ಲಗಳೆದಿರಬಾರದು. ನಮ್ಮ ತುಣುಕಿನಲ್ಲಿ ಇದು ಆಗಿಲ್ಲ. ರೈ-1 ಹೂಂ ಅಂದ ಎರಡೇ ಸೆಕೆಂಡಿಗೆ ರೈ-3 ಅದನ್ನು ತಡೆದಿದ್ದಾರೆ.

ಇನ್ನೊಂದು ಕಳೆದುಹೋದ ವಸ್ತು ಇದೆ, ಅದು ಷರತ್ತು. ಕಾ-1 ಮೇ 15 ಅಂತ ಸುಮ್ನೆ ಹೇಳಲಿಲ್ಲ, ಬ್ಯಾಂಕಿನ ಲಿಮಿಟ್ ರಿನ್ಯೂ ಆದರೆ ಅಂದರು. ಸಾರಾಂಶ ಚಿಕ್ಕದು ಮಾಡುವಾಗ ಮೊದಲು ಉದುರುವುದು ಈ "ಆದರೆ"ಗಳೇ. ಷರತ್ತು ಬಿಟ್ಟರೆ ಕಾರ್ಖಾನೆ ಕೊಡದ ಮಾತನ್ನು ಕೊಟ್ಟಂತಾಗುತ್ತದೆ. ನಾಳೆ ಲಿಮಿಟ್ ಆಗದೇ ಹೋದರೆ "ಮಾತಿಗೆ ತಪ್ಪಿದರು" ಅನ್ನಿಸಿಕೊಳ್ಳುತ್ತಾರೆ. ರೈತರಿಗೂ ಇದರಿಂದ ನಷ್ಟವೇ. ದಿನಾಂಕ ಬ್ಯಾಂಕಿನ ಕೈಯಲ್ಲಿದೆ ಅಂತ ಗೊತ್ತಿದ್ದರೆ "ಲಿಮಿಟ್ ಆಗದಿದ್ದರೆ ಏನು?" ಅಂತ ಮುಂದಿನ ಸಭೆಯಲ್ಲಿ ಕೇಳಬಹುದಿತ್ತು.

ಸರಿಯಾದ ಸಾರಾಂಶ ಹೀಗಿರುತ್ತದೆ:

"ಬಾಕಿ 200 ರೂಪಾಯಿ ಪಾವತಿ: ರೈತರ ಕಡೆಯವರು ದಿನಾಂಕ ಕೇಳಿದರು. ಅವರಲ್ಲಿ ಒಬ್ಬರು ಏಪ್ರಿಲ್ 30ರೊಳಗೆ ಬೇಕು ಎಂದರು. ಬ್ಯಾಂಕಿನ ಲಿಮಿಟ್ ನವೀಕರಣವಾದರೆ ಮೇ 15ರೊಳಗೆ ಹಾಕುವುದಾಗಿ ಕಾರ್ಖಾನೆಯವರು ಹೇಳಿದರು. ಏಪ್ರಿಲ್ 30ರ ಬಗ್ಗೆ ಕಾರ್ಖಾನೆಯ ಇನ್ನೊಬ್ಬರು ಆಡಿದ ಮಾತು ರೆಕಾರ್ಡಿಂಗ್‌ನಲ್ಲಿ ಪೂರ್ತಿ ಕೇಳಿಸುವುದಿಲ್ಲ (00:52:40). ದಿನಾಂಕ ತೀರ್ಮಾನವಾಗಲಿಲ್ಲ."

ಓದಲು ಅಷ್ಟೇನೂ ಖುಷಿ ಕೊಡುವ ಸಾಲುಗಳಲ್ಲ, ಗೊತ್ತು. ಯಾವ ಗುಂಪಿನಲ್ಲೂ ಇದನ್ನು ಸಂಭ್ರಮದಿಂದ ಫಾರ್ವರ್ಡ್ ಮಾಡುವುದಿಲ್ಲ. ಆದರೆ ಆಡಿಯೋ ಹಾಕಿ ಯಾರೂ ಇದನ್ನು ಸುಳ್ಳು ಮಾಡಲಾರರು.

## ಅಂಕಿ ಒಂದೇ ಆದರೂ ಲೆಕ್ಕ ಬೇರೆ

ಸಭೆಯ ಇಪ್ಪತ್ತನೇ ನಿಮಿಷದಲ್ಲಿ ರೈ-2 ಹೇಳುತ್ತಾರೆ: "ಸರ್ಕಾರದ ರೇಟೇ 3,550 ಐತಿ, ನೀವು ಅದನ್ನೂ ಕೊಟ್ಟಿಲ್ಲ." ಕಾ-2 ಉತ್ತರ: "ಎಫ್‌ಆರ್‌ಪಿಗಿಂತ ಜಾಸ್ತಿನೇ ಕೊಟ್ಟೀವ್ರಿ." ಇಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅನಿಸುತ್ತದೆ ಅಲ್ವಾ? ಇರಲಾರದು.

ಎಫ್‌ಆರ್‌ಪಿ ಅಂದರೆ ಕೇಂದ್ರ ಸರ್ಕಾರ ಪ್ರತಿ ಹಂಗಾಮಿಗೆ ನಿಗದಿ ಮಾಡುವ ನ್ಯಾಯಯುತ ಮತ್ತು ಲಾಭದಾಯಕ ದರ. ಕಾರ್ಖಾನೆ ಇದಕ್ಕಿಂತ ಕಮ್ಮಿ ಕೊಡುವಂತಿಲ್ಲ. 2025-26ರ ಹಂಗಾಮಿಗೆ ಅದು ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್‌ಗೆ 3,550. ಆದರೆ ಇದು ರಿಕವರಿ 10.25 ಪರ್ಸೆಂಟ್ ಇದ್ದಾಗ. ರಿಕವರಿ ಅಂದರೆ ನೂರು ಕೆಜಿ ಕಬ್ಬು ಅರೆದರೆ ಸಿಗುವ ಸಕ್ಕರೆ. ಅದು 0.1 ಪರ್ಸೆಂಟ್ ಜಾಸ್ತಿಯಾದಂತೆ ಕ್ವಿಂಟಲ್‌ಗೆ 3.46 ರೂಪಾಯಿ ಸೇರುತ್ತಾ ಹೋಗುತ್ತದೆ. ಮುಖ್ಯವಾದ ಇನ್ನೊಂದು ಮಾತು, ಇದು ಕಾರ್ಖಾನೆಯ ಗೇಟಿಗೆ ತಲುಪಿದ ಕಬ್ಬಿನ ದರ. ಕಡಿದು ಸಾಗಿಸುವ ಖರ್ಚು ಇದರೊಳಗೇ ಇದೆ.

ರೈ-2 ತಮ್ಮ ಕೈಗೆ ಬಂದ 2,900ನ್ನು 3,550ರ ಪಕ್ಕ ಇಟ್ಟು ನೋಡುತ್ತಿದ್ದಾರೆ. ಕಾ-2 ಅದೇ 2,900ಕ್ಕೆ ಕಟಾವು, ಸಾಗಾಣಿಕೆಗೆ ಕಾರ್ಖಾನೆ ಕೊಟ್ಟ 780 ಸೇರಿಸಿ 3,680 ಅನ್ನುತ್ತಿದ್ದಾರೆ. ಒಬ್ಬರದು ಕೈಗೆ ಬಂದ ದುಡ್ಡಿನ ಲೆಕ್ಕ, ಇನ್ನೊಬ್ಬರದು ಗೇಟಿನ ಲೆಕ್ಕ.

ಸಾರಾಂಶ ಬರೆಯುವವರು ಇಲ್ಲಿ ಯಾರು ಸರಿ ಅಂತ ಹೇಳಬಾರದು. ಹಾಗಂತ ಎರಡು ಅಂಕಿಗಳನ್ನು ಬರೀ ಪಕ್ಕಪಕ್ಕ ಇಟ್ಟು ಕೈತೊಳೆದುಕೊಂಡರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಪ್ರತಿ ಅಂಕಿಯ ಜೊತೆ ಅದರೊಳಗೆ ಏನೇನು ಸೇರಿದೆ ಅಂತ ಬರೆಯಬೇಕು. "ರೈತರ ಕಡೆಯವರು ಕೈಗೆ ಬಂದ 2,900 ರೂಪಾಯಿಯನ್ನು ಎಫ್‌ಆರ್‌ಪಿ ಜೊತೆ ಹೋಲಿಸಿದರು. ಕಾರ್ಖಾನೆಯವರು ಕಟಾವು, ಸಾಗಾಣಿಕೆಯ 780 ರೂಪಾಯಿ ಸೇರಿಸಿ 3,680 ರೂಪಾಯಿ ಎಂದರು. ಈ ಕಾರ್ಖಾನೆಯ ರಿಕವರಿ ಎಷ್ಟು ಎಂದು ಸಭೆಯಲ್ಲಿ ಯಾರೂ ಹೇಳಲಿಲ್ಲ." ಕೊನೆಯ ಸಾಲು ಬಹಳ ಕೆಲಸ ಮಾಡುತ್ತದೆ. ರಿಕವರಿ ಗೊತ್ತಿಲ್ಲದೆ ಈ ಕಾರ್ಖಾನೆಗೆ ಅನ್ವಯಿಸುವ ಎಫ್‌ಆರ್‌ಪಿ ಎಷ್ಟು ಅಂತಲೇ ಹೇಳಲಾಗದು. ಹಾಗಾಗಿ ಮುಂದಿನ ಸಭೆಗೆ ಯಾವ ಕಾಗದ ತರಬೇಕು ಅಂತ ಇಬ್ಬರಿಗೂ ತಿಳಿಯುತ್ತದೆ.

ಸಾಗಾಣಿಕೆ ಖರ್ಚಿನಲ್ಲೂ ಇದೇ ಕಥೆ. ರೈತರು 890 ಅನ್ನುತ್ತಾರೆ, ಕಾರ್ಖಾನೆ 780 ಅನ್ನುತ್ತದೆ. ಆಡಿಯೋ ಹಿಂದೆ ಮುಂದೆ ಮಾಡಿ ಕೇಳಿದರೆ 110ರ ವ್ಯತ್ಯಾಸ ಎಲ್ಲಿಂದ ಬಂತು ಅಂತ ಸಿಗುತ್ತದೆ. ಕಟಾವಿನ ಗ್ಯಾಂಗಿನವರು, ಟ್ರ್ಯಾಕ್ಟರ್ ಡ್ರೈವರ್ ಹೊಲದಲ್ಲೇ ರೈತರಿಂದ ಇಸಿದುಕೊಳ್ಳುವ ದುಡ್ಡಿಗೆ ಈ ಕಡೆ ಲಗಾಣಿ ಅನ್ನುತ್ತಾರೆ. ರೈತರು ಅದನ್ನೂ ಸೇರಿಸಿ ಹೇಳಿದ್ದಾರೆ. ಅದು ಕಾರ್ಖಾನೆಯ ಬಿಲ್ಲಿನಲ್ಲಿ ಕಾಣುವುದಿಲ್ಲ. 80 ಟನ್ ಕಬ್ಬು ಕಳಿಸಿದವರಿಗೆ ಇದೇ 8,800 ರೂಪಾಯಿ ಆಗುತ್ತದೆ. "ಖರ್ಚು 780 ಅಥವಾ 890 ಎಂಬ ಬಗ್ಗೆ ಭಿನ್ನಾಭಿಪ್ರಾಯ" ಅಂತ ಬರೆದರೆ ಲಗಾಣಿಯ ಪ್ರಶ್ನೆಯೇ ಮುಚ್ಚಿಹೋಗುತ್ತದೆ. ಹೊರಗಿನಿಂದ ತಟಸ್ಥವಾಗಿ ಕಂಡರೂ, ಆ ಸಾಲು ಒಂದು ಕಡೆಯ ದೂರನ್ನು ನುಂಗಿಹಾಕಿರುತ್ತದೆ.

## ಒಬ್ಬರು ತಪ್ಪು ಹೇಳಿದರೆ?

ರೈ-4 ಒಂದು ಕಡೆ "ಕಾನೂನು ಪ್ರಕಾರ ಹದಿನೈದು ದಿನದಾಗ ರೊಕ್ಕ ಕೊಡಬೇಕು, ಇಲ್ಲಂದ್ರ ಬಡ್ಡಿ" ಅನ್ನುತ್ತಾರೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಅದು 14 ದಿನ. ತಡವಾದರೆ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ. ಹದಿನೈದು ಅನ್ನುವ ಅಂಕಿ ಬಡ್ಡಿಯಿಂದ ದಿನಕ್ಕೆ ಜಾರಿದೆ, ಅಷ್ಟೇ.

ಕಾ-1 ಇದಕ್ಕೆ "ಬಾಕಿ ಇನ್ನೂರು ಎಫ್‌ಆರ್‌ಪಿ ಮ್ಯಾಲಿಂದು, ಅದಕ್ಕ ಬಡ್ಡಿ ಬರಂಗಿಲ್ಲ" ಅನ್ನುತ್ತಾರೆ. ಇದು ಆ ಆದೇಶವನ್ನು ಹೇಗೆ ಓದಬೇಕು ಅನ್ನುವ ಪ್ರಶ್ನೆ. ಸಾರಾಂಶ ಬರೆಯುವವರು ಉತ್ತರ ಕೊಡುವಂಥದ್ದಲ್ಲ.

ಇಲ್ಲಿ ಮೂರು ತಪ್ಪು ದಾರಿಗಳಿವೆ. ಸದ್ದಿಲ್ಲದೆ 15 ಅನ್ನು 14 ಅಂತ ತಿದ್ದುವುದು ಒಂದು. ಆಗ ಅವರು ಆಡದ ಮಾತನ್ನು ಅವರ ಬಾಯಿಗೆ ತುರುಕಿದಂತೆ. "ರೈತರು ತಪ್ಪಾಗಿ 15 ದಿನ ಎಂದರು" ಅಂತ ಬರೆಯುವುದು ಇನ್ನೊಂದು. ಒಂದು ದಿನದ ತಪ್ಪಿಗೆ ಅವರ ಇಡೀ ವಾದವೇ ತಪ್ಪು ಅನ್ನುವ ಹಾಗೆ ಕಾಣುತ್ತದೆ. ಮೂರನೆಯದು, ಒಂದೇ ಕಡೆಯ ಮಾತನ್ನು ಪರೀಕ್ಷೆ ಮಾಡುವುದು. ರೈತರ 15 ದಿನವನ್ನು ಪರಿಶೀಲಿಸಿ, ಕಾರ್ಖಾನೆಯ 780ನ್ನು ಬಿಲ್ ನೋಡದೆ ಹಾಗೇ ಒಪ್ಪಿಕೊಂಡರೆ ಅದು ಪಕ್ಷಪಾತವೇ, ಬರೆದ ಪ್ರತಿ ಸಾಲೂ ನಿಜವಾಗಿದ್ದರೂ ಸಹ.

ಮಾಡಬೇಕಾದದ್ದು ಇಷ್ಟು. ಆಡಿದ್ದನ್ನು ಆಡಿದ ಹಾಗೇ ಬರೆದು, ಕೊನೆಯಲ್ಲಿ "ಬರೆದವರ ಟಿಪ್ಪಣಿ" ಅಂತ ಬೇರೆ ಮಾಡಿ, "ಸಭೆಯಲ್ಲಿ 15 ದಿನ ಎಂದು ಹೇಳಲಾಯಿತು, ಆದೇಶದಲ್ಲಿ 14 ದಿನ ಎಂದಿದೆ" ಅಂತ ಸೇರಿಸುವುದು. ಹೀಗೆ ಒಂದು ಕಡೆಯ ಅಂಕಿಯನ್ನು ನೋಡಿದರೆ ಇನ್ನೊಂದು ಕಡೆಯದನ್ನೂ ನೋಡಬೇಕು. ಸಮಯ ಇಲ್ಲ ಅಂದರೆ ಯಾರದನ್ನೂ ನೋಡಬೇಡಿ, ನೋಡಿಲ್ಲ ಅಂತ ಬರೆದುಬಿಡಿ.

ಮದುವೆ ಮನೆಯಲ್ಲಿ ಮುಯ್ಯಿ ಬರೆಯಲು ಕೂತವರು ಹೆಸರು, ಊರು, ಮೊತ್ತ ಬರೆಯುತ್ತಾರೆ. "ಇಷ್ಟು ದೊಡ್ಡ ಮನೆಯವರು ಇಷ್ಟೇ ಕೊಟ್ಟರು" ಅಂತ ಪಕ್ಕದಲ್ಲಿ ಗೀಚುವುದಿಲ್ಲ. ಮೊತ್ತದ ಬಗ್ಗೆ ಅನುಮಾನ ಬಂದರೆ ಕೊಟ್ಟವರನ್ನೇ ಕೇಳುತ್ತಾರೆ. ಇಲ್ಲೂ ಅದೇ ಶಿಸ್ತು.

## ವಾಲುವುದು ಕ್ರಿಯಾಪದದಲ್ಲಿ

ಈ ಎರಡು ಸಾಲು ನೋಡಿ. "ತೂಕದಲ್ಲಿ ಮೋಸವಾಗುತ್ತಿದೆ ಎಂದು ರೈತರು ಆರೋಪಿಸಿದರು. ವೇಬ್ರಿಜ್ ಸರಿಯಾಗಿದೆ ಎಂದು ಕಾರ್ಖಾನೆಯ ಅಧಿಕಾರಿಗಳು ಸ್ಪಷ್ಟಪಡಿಸಿದರು." ಪೇಪರ್ ಓದಿ ಓದಿ ನಮಗೆ ಇದು ಸಹಜ ಅನಿಸುತ್ತದೆ. ಆದರೆ "ಆರೋಪಿಸಿದರು" ಅಂದಾಗ ಅದು ನಿಜವೋ ಅಲ್ಲವೋ ಅನ್ನುವ ಅನುಮಾನ ಜೊತೆಗೇ ಬರುತ್ತದೆ. "ಸ್ಪಷ್ಟಪಡಿಸಿದರು" ಅಂದಾಗ ನಿಜ ಏನು ಅಂತ ಹೇಳಿ ಮುಗಿಸಿದ ಹಾಗೆ. ವೇಬ್ರಿಜ್ ಪರೀಕ್ಷೆಯೇ ಆಗಿಲ್ಲ, ತೀರ್ಪು ಮಾತ್ರ ಬಂದಾಯಿತು. ಇನ್ನೊಂದು ಕಡೆಗೂ ಹೀಗೇ ವಾಲಬಹುದು: "ರೈತರು ಮೋಸ ಬಯಲು ಮಾಡಿದರು, ಅಧಿಕಾರಿಗಳು ಸಮಜಾಯಿಷಿ ಕೊಟ್ಟರು."

ಎರಡೂ ಕಡೆಗೆ "ಹೇಳಿದರು", "ಎಂದರು", "ಕೇಳಿದರು" ಸಾಕು. ಬೇಜಾರು ಹಿಡಿಸಿದರೆ ಹಿಡಿಸಲಿ. "ಒಪ್ಪಿಕೊಂಡರು" ಅನ್ನುವುದನ್ನು ನಿಜವಾಗಿ ಒಪ್ಪಿದಾಗ ಮಾತ್ರ ಬಳಸಿ. "ಲಿಮಿಟ್ ಇನ್ನೂ ಆಗಿಲ್ಲ ಎಂದು ಒಪ್ಪಿಕೊಂಡರು" ಅಂತ ಬರೆದರೆ ಏನೋ ಮುಚ್ಚಿಟ್ಟಿದ್ದು ಹೊರಬಿದ್ದ ಹಾಗೆ ಕೇಳಿಸುತ್ತದೆ.

ಮರ್ಯಾದೆಯ ಪ್ರತ್ಯಯ ಇನ್ನೂ ಸೂಕ್ಷ್ಮ. "ರೈತರು ಹೇಳಿದರು, ಕಾರ್ಖಾನೆ ಹೇಳಿತು" ಅಂತ ಉದ್ದಕ್ಕೂ ಬರೆದರೆ ಒಂದು ಕಡೆ ಮನುಷ್ಯರು, ಇನ್ನೊಂದು ಕಡೆ ಯಂತ್ರ. "ಸಾಹೇಬರು ತಿಳಿಸಿದರು, ರೈತನೊಬ್ಬ ಕೇಳಿದ" ಅಂತ ಬರೆದರೆ ಉಲ್ಟಾ. "ರೈತರ ಕಡೆಯವರು", "ಕಾರ್ಖಾನೆಯವರು" ಅಂತ ಇಟ್ಟುಕೊಂಡು ಎರಡಕ್ಕೂ ಒಂದೇ ಕ್ರಿಯಾರೂಪ ಬಳಸಿದರೆ ಮುಗಿಯಿತು. ಇನ್ನು "ಆದರೆ". ಪ್ರತಿ ಸಲ "ರೈತರು ಹೀಗೆಂದರು, ಆದರೆ ಕಾರ್ಖಾನೆಯವರು ಹಾಗೆಂದರು" ಅಂತ ಬರೆದರೆ ಕೊನೆಯ ಮಾತು ಯಾವಾಗಲೂ ಕಾರ್ಖಾನೆಯವರದ್ದೇ. ಆ ಪದ ತೆಗೆದು ಪೂರ್ಣವಿರಾಮ ಹಾಕಿ. ಒಂದು ವಿಷಯದಲ್ಲಿ ಒಬ್ಬರ ಮಾತು ಮೊದಲು ಬಂದರೆ ಇನ್ನೊಂದರಲ್ಲಿ ಎದುರಿನವರದ್ದು ಮೊದಲು ಬರಲಿ.

ಬೈಗುಳ ಬಿಡಬಹುದು, ಬೈಗುಳದ ಒಳಗಿನ ವಿಷಯ ಬಿಡಬಾರದು. ರೈ-3 ಸಿಟ್ಟಿನಲ್ಲಿ "ನಿಮ್ಮ ತೂಕದಾಗ ಕಳ್ಳತನ ಐತಿ, ಹೊರಗ ತೂಗಿಸಿ ತರ್ತೀವಿ" ಅಂದಿದ್ದರೆ, ಅದನ್ನು "ತೂಕದ ಬಗ್ಗೆ ಚರ್ಚೆ ನಡೆಯಿತು" ಅಂತ ನಯ ಮಾಡಿದರೆ ದೂರೂ ಹೋಯಿತು, ಬೇಡಿಕೆಯೂ ಹೋಯಿತು. "ತೂಕದಲ್ಲಿ ಮೋಸವಿದೆ ಎಂದರು. ಹೊರಗಿನ ವೇಬ್ರಿಜ್‌ನಲ್ಲಿ ತೂಗಿಸಿ ತರುವುದಾಗಿ ಹೇಳಿದರು" ಅಂತ ಬರೆಯಬೇಕು.

## ಸಮತೋಲ ಅಂದರೆ ಸಮ ಸಾಲು ಅಲ್ಲ

94 ನಿಮಿಷದ ಆಡಿಯೋದಲ್ಲಿ ಕಾರ್ಖಾನೆಯವರು 51 ನಿಮಿಷ, ರೈತರು 29 ನಿಮಿಷ ಮಾತಾಡಿದ್ದಾರೆ ಅಂದುಕೊಳ್ಳಿ. ಸಾರಾಂಶವನ್ನೂ ಅದೇ ಅನುಪಾತದಲ್ಲಿ ಬರೆದರೆ ಉದ್ದ ಮಾತಾಡಿದವರಿಗೆ ಲಾಭ. ಹಾಗಂತ ಇಬ್ಬರಿಗೂ ಹತ್ತತ್ತು ಸಾಲು ಅಂತ ಅಳೆದು ಕೊಟ್ಟರೆ, ಒಂದೇ ಕಾರಣ ಹೇಳಿದವರ ಮಾತನ್ನು ಹಿಗ್ಗಿಸಬೇಕು, ನಾಲ್ಕು ಕಾರಣ ಹೇಳಿದವರದ್ದನ್ನು ಕತ್ತರಿಸಬೇಕು.

ಅದಕ್ಕಿಂತ ವಿಷಯವಾರು ವಿಂಗಡಿಸುವುದು ವಾಸಿ. ಮಾತು ನಡೆದ ಕ್ರಮ ಮರೆತುಬಿಡಿ. ಬಾಕಿ ಪಾವತಿ ಒಂದು ತಲೆಬರಹ, ಸಾಗಾಣಿಕೆ ಖರ್ಚು ಒಂದು, ತೂಕ ಒಂದು. ಪ್ರತಿ ತಲೆಬರಹದ ಕೆಳಗೆ ಎರಡೂ ಕಡೆಗೆ ಒಂದೇ ಪ್ರಶ್ನೆಗಳನ್ನು ಹಾಕಿ: ಏನು ಕೇಳಿದರು, ಯಾಕೆ ಅಂದರು, ಏನು ಕೊಡಲು ತಯಾರು, ಏನು ಆಗದು ಅಂದರು. ಉತ್ತರ ಸಿಗದ ಕಡೆ "ಹೇಳಲಿಲ್ಲ" ಅಂತ ಬರೆಯಿರಿ. ತಮ್ಮ ಕಡೆಯ ಖಾಲಿ ಜಾಗ ಕಂಡಾಗ ಅದನ್ನು ತುಂಬಬೇಕು ಅಂತ ಅವರಿಗೇ ಅನಿಸುತ್ತದೆ.

"ಯಾಕೆ" ಅನ್ನುವ ಜಾಗದಲ್ಲಿ ಮಾತ್ರ ಎಚ್ಚರ ಬೇಕು. ರೈ-3 ಏಪ್ರಿಲ್ 30 ಯಾಕೆ ಅಂದರು? ಸೊಸೈಟಿ ಸಾಲ ಕಟ್ಟಲು ಇರಬಹುದು, ಮಗಳ ಮದುವೆಗೆ ಇರಬಹುದು. ಊರಿನವರಿಗೆ ಗೊತ್ತೂ ಇರಬಹುದು. ಅವರು ಸಭೆಯಲ್ಲಿ ಹೇಳದಿದ್ದರೆ ಬರೆಯುವಂತಿಲ್ಲ. ಅವಸರ ಎಷ್ಟು ಅಂತ ಎದುರಿನವರಿಗೆ ಗೊತ್ತಾದರೆ ಚೌಕಾಶಿಯಲ್ಲಿ ಅದು ಅವರಿಗೇ ಹೊಡೆತ.

ಇನ್ನೊಂದು ಕಷ್ಟ ಉಳಿಯುತ್ತದೆ. ರೈ-1 ಮತ್ತು ರೈ-3 ಒಂದೇ ಕಡೆಯವರಾದರೂ ಒಂದೇ ಮಾತು ಆಡಲಿಲ್ಲ. "ರೈತರು ಏಪ್ರಿಲ್ 30 ಕೇಳಿದರು" ಅಂದರೆ ಪೂರ್ತಿ ಸರಿಯಲ್ಲ. "ರೈತರಲ್ಲೇ ಒಡಕು" ಅಂದರೆ ಕಿತಾಪತಿ. ಅದಕ್ಕೇ ಮೇಲೆ "ಅವರಲ್ಲಿ ಒಬ್ಬರು" ಅಂತ ಬರೆದದ್ದು. ಕಾರ್ಖಾನೆಯ ಇಬ್ಬರ ಮಾತಿಗೂ ಅದೇ ಅಳತೆ ಬಳಸಿದೆ, ಗಮನಿಸಿ.

ಬರೆದು ಮುಗಿದ ಮೇಲೆ ಒಂದು ಪರೀಕ್ಷೆ ಮಾಡಬಹುದು. ಸಾರಾಂಶದಲ್ಲಿ "ರೈತರ ಕಡೆಯವರು" ಇರುವಲ್ಲೆಲ್ಲ "ಕಾರ್ಖಾನೆಯವರು" ಅಂತಲೂ, ಅದು ಇರುವಲ್ಲಿ ಇದನ್ನೂ ಹಾಕಿ ಓದಿ. ವಿಷಯ ಅಸಂಬದ್ಧ ಆಗುತ್ತದೆ, ಇರಲಿ. ಧಾಟಿ ಮಾತ್ರ ನೋಡಿ. ಎಲ್ಲಾದರೂ "ಕಾರ್ಖಾನೆಯವರನ್ನು ಹೀಗೆ ಬರೆಯುತ್ತಿರಲಿಲ್ಲ" ಅನಿಸಿದರೆ ಆ ಸಾಲು ವಾಲಿದೆ.

## ಇಬ್ಬರಿಗೂ ಒಟ್ಟಿಗೇ ತೋರಿಸಿ

ಕರಡನ್ನು ಒಂದು ಕಡೆಯವರಿಗೆ ಮೊದಲು ಕಳಿಸಿ, ಅವರು ತಿದ್ದಿದ್ದನ್ನು ಇನ್ನೊಂದು ಕಡೆಗೆ ಕಳಿಸಿದರೆ ಎರಡನೆಯವರು ಓದುವುದು ಎದುರಿನವರ ದಾಖಲೆಯನ್ನು. ಎರಡೂ ಕಡೆಗೆ ಒಂದೇ ಹೊತ್ತಿಗೆ, ಒಂದೇ ಪ್ರತಿ ಹೋಗಬೇಕು. ಎರಡು ದಿನ ಸಮಯ ಕೊಟ್ಟರೆ ಸಾಕು. ತಮ್ಮ ಮಾತು ಸರಿಯಾಗಿ ಬಂದಿದೆಯಾ ಅಂತ ಅವರವರು ನೋಡಲಿ. ಎದುರಿನವರ ಮಾತನ್ನು ತಿದ್ದಲು ಅವಕಾಶ ಬೇಡ. ತಕರಾರು ಬಂದರೆ ಸಾಲಿನ ಪಕ್ಕದ ಸಮಯ ನೋಡಿ ಆಡಿಯೋದ ಆ ಜಾಗ ಹಾಕಿ ಕೇಳಿಸಿದರಾಯಿತು.

"ನಾನು ಹಾಗಂದಿದ್ದು ಹೌದು, ಆದರೆ ಅರ್ಥ ಬೇರೆ ಇತ್ತು" ಅನ್ನುವವರು ಇದ್ದೇ ಇರುತ್ತಾರೆ. ಅವರ ಹಳೆ ಮಾತನ್ನು ಅಳಿಸಬೇಡಿ. ಕೆಳಗೆ ದಿನಾಂಕ ಹಾಕಿ "ಸಭೆಯ ನಂತರ ಕೊಟ್ಟ ವಿವರಣೆ" ಅಂತ ಸೇರಿಸಿ. ನಮ್ಮ ಉದಾಹರಣೆಯಲ್ಲಿ ಕಾ-2 ಅವರಿಗೆ 00:52:40ರ ಜಾಗದಲ್ಲಿ ತಾವು ಏನು ಹೇಳಿದ್ದು ಅಂತ ತಿಳಿಸಲು ಇದೇ ಅವಕಾಶ. ಅವರು "ಆಗಂಗಿಲ್ಲ ಅಂದಿದ್ದೆ" ಅಂದರೂ ಅದು ರೆಕಾರ್ಡಿಂಗ್‌ನ ಮಾತಾಗುವುದಿಲ್ಲ, ಅವರ ನಂತರದ ವಿವರಣೆ ಆಗುತ್ತದೆ.

ಮೇಲ್ಗಡೆ ದೊಡ್ಡದಾಗಿ "ಇದು ಸಭೆಯ ಸಾರಾಂಶ, ಒಪ್ಪಂದ ಪತ್ರವಲ್ಲ" ಅಂತ ಬರೆಯಿರಿ. ಒಪ್ಪಂದ ಆಗಿದ್ದರೆ ಅದಕ್ಕೆ ಬೇರೆ ಕಾಗದ, ಎರಡೂ ಕಡೆಯವರ ಸಹಿ ಬೇಕು. ಆಡಿಯೋ ಯಾರ ಹತ್ತಿರ ಇರಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು, ಯಾವಾಗ ಅಳಿಸಬೇಕು ಅನ್ನುವುದನ್ನೂ ಸಭೆಯ ಶುರುವಿನಲ್ಲೇ ರೆಕಾರ್ಡಿಂಗ್‌ನಲ್ಲಿ ಹೇಳಿಸಿಕೊಂಡಿರಬೇಕು. ಅದು ಆಗಿಲ್ಲದಿದ್ದರೆ ಸಾರಾಂಶದ ಕೊನೆಯ ಸಾಲಿನಲ್ಲಿ, ತೀರ್ಮಾನವಾಗದ ವಿಷಯಗಳ ಜೊತೆಯಲ್ಲೇ, ಅದನ್ನೂ ಸೇರಿಸಿ.